ಬ್ಯಾಂಕ್ ಸಾಲದ ಕಂತು: ಲೆಕ್ಕದಲ್ಲಿ ಅಸಲನ್ನೂ ಬಡ್ಡಿಯನ್ನೂ ಬೇರ್ಪಡಿಸುವ ಕ್ರಮ

ಗದಗಿನಲ್ಲಿ ಸಣ್ಣ ಮುದ್ರಣಾಲಯ ನಡೆಸುವ ಪರಿಚಿತರೊಬ್ಬರು ಮಾರ್ಚ್ ಕೊನೆಯ ವಾರ ತಮ್ಮ ಲೆಕ್ಕದ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಖರ್ಚಿನ ಕಡೆ, ಕಾಗದ ಮತ್ತು ಶಾಯಿಯ ಬಿಲ್ಲುಗಳ ನಡುವೆ, ಪ್ರತಿ ತಿಂಗಳ 5ನೇ ತಾರೀಖಿಗೆ ಒಂದೇ ಬರಹ: "ಬ್ಯಾಂಕ್ ಕಂತು 19,929". ಹಾಗೆ ಎಂಟು ತಿಂಗಳು. ಸಾಲಕ್ಕೆಂದು ಬಿಟ್ಟ ಪುಟದಲ್ಲಿ ಮಾತ್ರ "6,00,000" ಎಂದು ಬರೆದದ್ದು ಬಿಟ್ಟರೆ ಪುಟವೆಲ್ಲ ಖಾಲಿ. "ಕೈಬಿಟ್ಟು ಹೋದ ದುಡ್ಡು ಖರ್ಚಲ್ಲದೆ ಮತ್ತೇನು ಸರ್?" ಎಂದು ಅವರೇ ನನ್ನನ್ನು ಕೇಳಿದರು.

ಕಂತು ಕಟ್ಟಿದಾಗ ಎರಡು ಬೇರೆ ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು ಭಾಗ ಬ್ಯಾಂಕಿನ ಹಣ ಬಳಸಿದ್ದಕ್ಕೆ ಕೊಟ್ಟ ಬಾಡಿಗೆ. ಅದು ಬಡ್ಡಿ, ಅದಷ್ಟೇ ಖರ್ಚು. ಉಳಿದ ಭಾಗ ಅವರಿಂದ ತಂದದ್ದನ್ನು ಅವರಿಗೇ ಹಿಂದಿರುಗಿಸಿದ್ದು, ಅದು ಅಸಲು. ಸಾಲ ಬಂದ ದಿನ ನಾವು ಅದನ್ನು ಆದಾಯ ಎಂದು ಬರೆದುಕೊಳ್ಳಲಿಲ್ಲ, ಆದ್ದರಿಂದ ಹಿಂದಿರುಗಿಸುವ ದಿನ ಖರ್ಚು ಎಂದೂ ಬರೆಯುವಂತಿಲ್ಲ. ಅವರ ಪುಸ್ತಕವನ್ನು ಸರಿಪಡಿಸಿದ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಕೊಡುತ್ತೇನೆ. ಯಂತ್ರ ಕೊಳ್ಳಲು ತೆಗೆದ ಸಾಲ 6 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 12, ಅವಧಿ 36 ತಿಂಗಳು. ಹಣ ಬಂದದ್ದು 2025ರ ಜುಲೈ 5ರಂದು. ಮೊದಲ ಕಂತು ಆಗಸ್ಟ್ 5ಕ್ಕೆ.

ಮೊದಲು ಬೇಕಾದ ಕಾಗದಗಳು

ಮಂಜೂರಾತಿ ಪತ್ರ, ಕಂತಿನ ಪಟ್ಟಿ ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್. ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಚಾಲ್ತಿ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಕಾಣುವುದು 19,929 ಹೋಯಿತು ಎಂಬುದಷ್ಟೇ. ಆ ಹಣ ಬ್ಯಾಂಕಿನೊಳಗೆ ಹೇಗೆ ಹಂಚಿಹೋಯಿತು ಎಂಬುದು ಸಾಲದ ಖಾತೆಯಲ್ಲಿ ಮಾತ್ರ ಕಾಣುತ್ತದೆ. ಸಾಲಕ್ಕೆ ಪ್ರತ್ಯೇಕ ಖಾತೆ ಸಂಖ್ಯೆ ಇರುತ್ತದೆ; ನೆಟ್ ಬ್ಯಾಂಕಿಂಗ್‌ನಲ್ಲಿ ಸಿಗದಿದ್ದರೆ ಶಾಖೆಯಲ್ಲಿ ಕೇಳಿ ಪಡೆಯಿರಿ.

2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಬ್ಯಾಂಕುಗಳು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಬಡ್ಡಿದರ, ಶುಲ್ಕಗಳು, ಪ್ರತಿ ಕಂತಿನ ಅಸಲು ಮತ್ತು ಬಡ್ಡಿಯ ಪಟ್ಟಿ ಎಲ್ಲವೂ ಅದರಲ್ಲಿ ಇರುತ್ತವೆ. ಸಹಿ ಹಾಕುವ ಅವಸರದಲ್ಲಿ ಅದನ್ನು ಫೈಲಿನ ತಳಕ್ಕೆ ಸೇರಿಸಿಬಿಟ್ಟಿದ್ದರೆ ಈಗ ಹೊರತೆಗೆಯಿರಿ.

ಸಾಲ ಬಂದ ದಿನದ ನಮೂದು

ಲೆಕ್ಕದಲ್ಲಿ ಮೂರು ಖಾತೆಗಳನ್ನು ತೆರೆಯಿರಿ: ಬ್ಯಾಂಕ್ ಸಾಲ, ಸಾಲದ ಮೇಲಿನ ಬಡ್ಡಿ, ಸಾಲದ ಸಂಸ್ಕರಣಾ ಶುಲ್ಕ. ಟ್ಯಾಲಿ ತಂತ್ರಾಂಶದಲ್ಲಿ ಲೆಕ್ಕ ಬರೆಯುವವರು ಮೊದಲನೆಯದನ್ನು `Secured Loans` ಗುಂಪಿನಲ್ಲಿಯೂ ಉಳಿದೆರಡನ್ನು `Indirect Expenses` ಗುಂಪಿನಲ್ಲಿಯೂ ಇಡಬೇಕು. ಒಬ್ಬರಿಗೆ ಎರಡು ಸಾಲಗಳಿದ್ದರೆ ಎರಡು ಸಾಲದ ಖಾತೆಗಳು ಬೇಕು. ಒಂದರಲ್ಲೇ ಎರಡನ್ನೂ ಬೆರೆಸಿದರೆ ಯಾವುದೂ ಬ್ಯಾಂಕಿನೊಂದಿಗೆ ತಾಳೆಯಾಗುವುದಿಲ್ಲ.

ಮೊದಲ ತಪ್ಪು ಆಗುವುದು ಇಲ್ಲಿಯೇ. ಚಾಲ್ತಿ ಖಾತೆಗೆ ಬಂದದ್ದು 6,00,000 ಅಲ್ಲ, 5,92,920. ಬ್ಯಾಂಕ್ ಶೇ 1ರಂತೆ 6,000 ಸಂಸ್ಕರಣಾ ಶುಲ್ಕವನ್ನೂ ಅದರ ಮೇಲೆ ಶೇ 18ರಂತೆ 1,080 ಜಿಎಸ್‌ಟಿಯನ್ನೂ ಮುರಿದುಕೊಂಡು ಉಳಿದದ್ದನ್ನು ಕೊಟ್ಟಿದೆ. ಬಂದ ಹಣವನ್ನು ನೋಡಿ ಸಾಲ 5,92,920 ಎಂದು ಬರೆದರೆ ಮೊದಲ ದಿನದಿಂದಲೇ 7,080 ರೂಪಾಯಿಯ ವ್ಯತ್ಯಾಸ ಹುಟ್ಟುತ್ತದೆ. ಕೊನೆಯ ಕಂತು ಕಟ್ಟುವ ತನಕ ಅದು ಬೆನ್ನು ಬಿಡುವುದಿಲ್ಲ. ಬಡ್ಡಿ ಲೆಕ್ಕವಾಗುವುದು ಪೂರ್ತಿ 6 ಲಕ್ಷದ ಮೇಲೆ, ತೀರಿಸಬೇಕಾದದ್ದೂ ಅಷ್ಟನ್ನೇ.

ಇದನ್ನು ಎರಡು ನಮೂದುಗಳಲ್ಲಿ ಬರೆಯುವುದು ಸುಲಭ. ಮೊದಲನೆಯದು ಜಮಾ ರಸೀದಿ, ಟ್ಯಾಲಿಯಲ್ಲಿ `F6`:

ಚಾಲ್ತಿ ಖಾತೆ – ಡೆಬಿಟ್ 5,92,920
ಬ್ಯಾಂಕ್ ಸಾಲ – ಕ್ರೆಡಿಟ್ 5,92,920

ಎರಡನೆಯದು ಹಣ ಕೈಗೆ ಬಾರದ ಭಾಗಕ್ಕೆ, ಜರ್ನಲ್‌ನಲ್ಲಿ, ಅಂದರೆ `F7`:

ಸಂಸ್ಕರಣಾ ಶುಲ್ಕ – ಡೆಬಿಟ್ 6,000
ಜಿಎಸ್‌ಟಿ ಹೂಡುವಳಿ ತೆರಿಗೆ – ಡೆಬಿಟ್ 1,080
ಬ್ಯಾಂಕ್ ಸಾಲ – ಕ್ರೆಡಿಟ್ 7,080

ಈಗ ಸಾಲದ ಖಾತೆ ಸರಿಯಾಗಿ 6,00,000 ತೋರಿಸುತ್ತದೆ. 1,080ನ್ನು ಹೂಡುವಳಿ ತೆರಿಗೆಯಾಗಿ ಪಡೆಯಲು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆದುಕೊಳ್ಳಲು, ಬ್ಯಾಂಕಿನ ತೆರಿಗೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು. ನೋಂದಣಿ ಇಲ್ಲದವರು ಮತ್ತು ಕಾಂಪೊಸಿಷನ್ ಯೋಜನೆಯಲ್ಲಿರುವವರು ಪೂರ್ತಿ 7,080ನ್ನು ಶುಲ್ಕದ ಖರ್ಚಿಗೇ ಹಾಕಬೇಕು.

ಯಂತ್ರದ ಸಾಲಗಳಲ್ಲಿ ಇನ್ನೊಂದು ರೀತಿಯೂ ಇದೆ. ಬ್ಯಾಂಕ್ ನಿಮ್ಮ ಖಾತೆಗೆ ಹಣ ಹಾಕದೆ ಯಂತ್ರ ಮಾರಿದವರಿಗೇ ನೇರವಾಗಿ ಕಳುಹಿಸುತ್ತದೆ. ಆಗ ಚಾಲ್ತಿ ಖಾತೆಯಲ್ಲಿ ಏನೂ ಕಾಣುವುದಿಲ್ಲ, ಎಷ್ಟೋ ಜನ ಸಾಲವನ್ನೇ ಬರೆಯಲು ಮರೆಯುತ್ತಾರೆ. ಅಂಥ ಕಡೆ ಮಾರಾಟಗಾರರ ಖಾತೆಗೆ ಡೆಬಿಟ್, ಬ್ಯಾಂಕ್ ಸಾಲಕ್ಕೆ ಕ್ರೆಡಿಟ್ ಎಂದು ಜರ್ನಲ್‌ನಲ್ಲಿ ಬರೆದರೆ ಆಯಿತು.

ಕಂತನ್ನು ಒಡೆಯುವುದು

ಸೂತ್ರ ಸರಳವಾಗಿದೆ. ಆ ತಿಂಗಳ ಆರಂಭದಲ್ಲಿ ಉಳಿದಿದ್ದ ಅಸಲಿಗೆ ತಿಂಗಳ ಬಡ್ಡಿ ಹಾಕಿ. ಕಂತಿನಿಂದ ಅದನ್ನು ಕಳೆಯಿರಿ. ಉಳಿದದ್ದು ಅಸಲಿಗೆ ಹೋದ ಭಾಗ. ವರ್ಷಕ್ಕೆ ಶೇ 12 ಎಂದರೆ ತಿಂಗಳಿಗೆ ಶೇ 1. ಮೊದಲ ತಿಂಗಳ ಬಡ್ಡಿ 6,00,000ದ ಶೇ 1, ಅಂದರೆ 6,000. ಕಂತು 19,929ರಲ್ಲಿ ಅದು ಹೋದರೆ 13,929 ಅಸಲಿಗೆ. ಬಾಕಿ 5,86,071. ಎರಡನೇ ತಿಂಗಳ ಬಡ್ಡಿ ಈ ಬಾಕಿಯ ಮೇಲೆ: 5,861. ಅಸಲಿಗೆ 14,068. ಹೀಗೆ ಬಡ್ಡಿ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ, ಅಸಲಿನ ಪಾಲು ಏರುತ್ತದೆ, ಕಂತು ಮಾತ್ರ ಹಾಗೆಯೇ ಇರುತ್ತದೆ.

ಎಕ್ಸೆಲ್‌ನಲ್ಲಿ ಈ ಪಟ್ಟಿ ಮಾಡಲು ಹತ್ತು ನಿಮಿಷ ಸಾಕು. `A` ಕಾಲಂ ಕಂತಿನ ಸಂಖ್ಯೆಗೆ, `B` ಆರಂಭದ ಬಾಕಿಗೆ, `C` ಬಡ್ಡಿಗೆ, `D` ಅಸಲಿಗೆ, `E` ಕೊನೆಯ ಬಾಕಿಗೆ.

```
B2: 600000
C2: =ROUND(B2*12%/12,0)
D2: =19929-C2
E2: =B2-D2
B3: =E2
```

`C2`, `D2`, `E2` ಮೂರನ್ನೂ ಮೂರನೇ ಸಾಲಿಗೆ ಎಳೆಯಿರಿ, ಆಮೇಲೆ ಮೂರನೇ ಸಾಲನ್ನು `B` ಕಾಲಂ ಸಮೇತ 36ನೇ ಕಂತಿನವರೆಗೆ ಎಳೆಯಿರಿ. ಕಂತಿನ ಮೊತ್ತವೇ ಗೊತ್ತಿಲ್ಲದಿದ್ದರೆ `=PMT(12%/12,36,-600000)` ಎಂದು ಬರೆದರೆ 19,928.59 ಬರುತ್ತದೆ, ಬ್ಯಾಂಕ್ ಅದನ್ನು ಮೇಲಿನ ರೂಪಾಯಿಗೆ ಏರಿಸಿ 19,929 ಮಾಡಿದೆ. ಹೀಗೆ ತಿಂಗಳಿಗೆ ನಲವತ್ತು ಪೈಸೆಯಷ್ಟು ಹೆಚ್ಚು ಕಟ್ಟುತ್ತ ಹೋಗುವುದರಿಂದ ಕೊನೆಯ ಕಂತು ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಕಡಿಮೆ ಬರುತ್ತದೆ.

ಆಗಸ್ಟ್ 5ರ ಪಾವತಿಯನ್ನು `F5`ನಲ್ಲಿ ಹೀಗೆ ಬರೆಯಬೇಕು:

ಬ್ಯಾಂಕ್ ಸಾಲ – ಡೆಬಿಟ್ 13,929
ಸಾಲದ ಮೇಲಿನ ಬಡ್ಡಿ – ಡೆಬಿಟ್ 6,000
ಚಾಲ್ತಿ ಖಾತೆ – ಕ್ರೆಡಿಟ್ 19,929

ಮುಂದಿನ ತಿಂಗಳು ಇದೇ ವೋಚರನ್ನು ನಕಲು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನಕಲು ಮಾಡಿ, ಆದರೆ ಮೇಲಿನ ಎರಡು ಅಂಕಿಗಳನ್ನು ಬದಲಾಯಿಸಲು ಮರೆಯಬೇಡಿ. ಒಟ್ಟು ಮೊತ್ತ ಪ್ರತಿ ತಿಂಗಳೂ ಒಂದೇ ಆಗಿರುವುದರಿಂದ ತಪ್ಪಾದರೂ ಟ್ಯಾಲಿ ತಕರಾರು ಮಾಡುವುದಿಲ್ಲ, ಚಾಲ್ತಿ ಖಾತೆಯೂ ಸರಿಯಾಗಿಯೇ ತಾಳೆಯಾಗುತ್ತದೆ.

ಪಟ್ಟಿಗೂ ಸ್ಟೇಟ್‌ಮೆಂಟಿಗೂ ಹೊಂದದಿದ್ದರೆ

ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆರೆದವರಿಗೆ ಕೆಲವೊಮ್ಮೆ ದಿಗಿಲಾಗುತ್ತದೆ. ಕಂತು ಒಡೆದದ್ದು ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಬದಲಿಗೆ ತಿಂಗಳ ಕೊನೆಯ ದಿನ ಬಡ್ಡಿ ಎಂದು ಒಂದು ಡೆಬಿಟ್, 5ರಂದು ಪೂರ್ತಿ ಕಂತು ಎಂದು ಒಂದು ಕ್ರೆಡಿಟ್. ಸಾಲ ತೆಗೆದ ತಿಂಗಳಲ್ಲೇ ಬಾಕಿ 6 ಲಕ್ಷವನ್ನು ದಾಟಿರುತ್ತದೆ!

ಇದು ತಪ್ಪಲ್ಲ. ಹಲವು ಬ್ಯಾಂಕುಗಳು ಬಡ್ಡಿಯನ್ನು ದಿನದ ಬಾಕಿಯ ಮೇಲೆ 365 ದಿನಗಳ ಲೆಕ್ಕದಲ್ಲಿ ಕಟ್ಟಿ, ತಿಂಗಳಿಗೊಮ್ಮೆ ಸಾಲದ ಖಾತೆಗೆ ಸೇರಿಸುತ್ತವೆ. ನಮ್ಮ ಉದಾಹರಣೆಗೆ ಆ ಪದ್ಧತಿ ಹಾಕಿದರೆ ಜುಲೈ 5ರಿಂದ 31ರವರೆಗೆ 27 ದಿನ. 6,00,000ಕ್ಕೆ ಶೇ 12ರಂತೆ 5,326 ರೂಪಾಯಿ ಬಡ್ಡಿ. ಜುಲೈ 31ರ ಬಾಕಿ 6,05,326. ಆಗಸ್ಟ್ 5ರ ಕಂತು ಬಿದ್ದ ಮೇಲೆ 5,85,397.

ನಿಮ್ಮ ಬ್ಯಾಂಕ್ ಹೀಗೆ ಮಾಡುತ್ತಿದ್ದರೆ ನೀವೂ ಹಾಗೆಯೇ ಬರೆಯಿರಿ. ತಿಂಗಳ ಕೊನೆಗೆ ಬಡ್ಡಿಗೆ ಡೆಬಿಟ್, ಸಾಲಕ್ಕೆ ಕ್ರೆಡಿಟ್. ಕಂತಿನ ದಿನ ಪೂರ್ತಿ 19,929 ಸಾಲಕ್ಕೆ ಡೆಬಿಟ್, ಚಾಲ್ತಿ ಖಾತೆಗೆ ಕ್ರೆಡಿಟ್. ಕಂತನ್ನು ನೀವು ಒಡೆಯುವ ಕೆಲಸವೇ ಇಲ್ಲ, ಬಡ್ಡಿ ಮೊದಲೇ ಬೇರೆಯಾಗಿರುತ್ತದೆ. ನನಗೆ ಈ ಪದ್ಧತಿಯೇ ಇಷ್ಟ, ಏಕೆಂದರೆ ನಮ್ಮ ಖಾತೆ ಮತ್ತು ಬ್ಯಾಂಕಿನ ಖಾತೆ ಸಾಲುಸಾಲಾಗಿ ಹೊಂದುತ್ತವೆ. ಇಲ್ಲಿ 31 ದಿನದ ತಿಂಗಳಿಗೂ 28 ದಿನದ ಫೆಬ್ರುವರಿಗೂ ಬಡ್ಡಿ ಬೇರೆ ಬೇರೆ ಬರುತ್ತದೆ. ಆದ್ದರಿಂದ ಎಕ್ಸೆಲ್ ಪಟ್ಟಿಯ ಅಂಕಿಯನ್ನು ಹಿಡಿದು ಬ್ಯಾಂಕಿನೊಂದಿಗೆ ಜಗಳಕ್ಕೆ ಹೋಗಬಾರದು. ಪಟ್ಟಿ ಅಂದಾಜು, ಸ್ಟೇಟ್‌ಮೆಂಟ್ ನಡೆದದ್ದು.

ಗದಗಿನವರ ಸಾಲದಲ್ಲಿ ಬ್ಯಾಂಕ್ ತಿಂಗಳ ಲೆಕ್ಕದಲ್ಲೇ ಕಂತನ್ನು ಒಡೆಯುತ್ತಿತ್ತು, ಹಾಗಾಗಿ ಮುಂದಿನ ಅಂಕಿಗಳೆಲ್ಲ ಆ ರೀತಿಯವು.

ಪಟ್ಟಿ ಹಳತಾಗಲು ಇನ್ನೊಂದು ಕಾರಣ ಬಡ್ಡಿದರದ ಬದಲಾವಣೆ. ಬದಲಾಗುವ ದರದ ಸಾಲದಲ್ಲಿ ದರ ಇಳಿದರೂ ಬ್ಯಾಂಕ್ ಅನೇಕ ಸಲ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಕಡಿಮೆ ಮಾಡುತ್ತದೆ. ಕಂತು ಬದಲಾಗದ ಕಾರಣ ನಮಗೆ ಸುಳಿವೇ ಸಿಗುವುದಿಲ್ಲ. ಎಂಟನೇ ಕಂತಿನ ನಂತರ ಬಾಕಿ 4,84,588 ಇದ್ದು, ದರ ಶೇ 11.5ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಒಂಬತ್ತನೇ ಕಂತಿನ ಬಡ್ಡಿ 4,846ರ ಬದಲು 4,644 ಆಗುತ್ತದೆ, ಅಸಲಿಗೆ 202 ರೂಪಾಯಿ ಹೆಚ್ಚು ಹೋಗುತ್ತದೆ. ಹಳೆಯ ಪಟ್ಟಿ ನೋಡಿಯೇ ಬರೆಯುತ್ತಿದ್ದರೆ ಅಂದಿನಿಂದ ಪ್ರತಿ ನಮೂದೂ ತಪ್ಪು. ಪಟ್ಟಿಯಲ್ಲಿ ಆ ಸಾಲಿನಿಂದ ಕೆಳಗೆ ದರವನ್ನು ಬದಲಾಯಿಸಿ, ಬ್ಯಾಂಕಿನಿಂದ ಹೊಸ ಪಟ್ಟಿಯನ್ನೂ ಕೇಳಿ ಪಡೆಯಿರಿ.

ಕಂತು ತಪ್ಪಿದರೆ ಏನಾಗುತ್ತದೆ? ಚಾಲ್ತಿ ಖಾತೆಯಲ್ಲಿ ಹಣವಿಲ್ಲದೆ ಕಂತಿನ ಆದೇಶ ಮರಳಿದ ದಿನ ಪಾವತಿಯ ನಮೂದನ್ನು ಬರೆಯಬೇಡಿ. ಆದರೆ ಆ ತಿಂಗಳ ಬಡ್ಡಿ ಹುಟ್ಟಿಯೇ ಇರುತ್ತದೆ, ಅದನ್ನು ಬರೆಯಲೇಬೇಕು. ಆದೇಶ ಮರಳಿದ್ದಕ್ಕೆ ಬ್ಯಾಂಕ್ ಮುರಿದುಕೊಂಡ ಶುಲ್ಕವನ್ನು ಬ್ಯಾಂಕ್ ಶುಲ್ಕಗಳಿಗೆ ಹಾಕಿ. ದಂಡಕ್ಕೆ ಪ್ರತ್ಯೇಕ ಖಾತೆ ಇರಲಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್‌ನ ಸುತ್ತೋಲೆಯ ಪ್ರಕಾರ ದಂಡವನ್ನು ಬಡ್ಡಿದರಕ್ಕೆ ಸೇರಿಸಿ ವಸೂಲು ಮಾಡುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬೇಕು. ಆ ಶುಲ್ಕದ ಮೇಲೆ ಮತ್ತೆ ಬಡ್ಡಿಯನ್ನೂ ಹಾಕುವಂತಿಲ್ಲ. ಬೇರೆ ಖಾತೆ ಇದ್ದರೆ ಬ್ಯಾಂಕ್ ಎಡವಿದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ.

ತಪ್ಪನ್ನು ವ್ಯತ್ಯಾಸದಿಂದಲೇ ಗುರುತಿಸುವುದು

ತಿಂಗಳಿಗೊಮ್ಮೆ, ಕಂತು ಹೋದ ಮರುದಿನ, ನಿಮ್ಮ ಸಾಲದ ಖಾತೆಯ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನ ಪಕ್ಕ ಇಟ್ಟು ನೋಡಿ. ಹೊಂದಲಿಲ್ಲವೆಂದರೆ ವ್ಯತ್ಯಾಸದ ಮೊತ್ತವೇ ಕಾರಣವನ್ನು ಹೇಳುತ್ತದೆ.

ಎಂಟು ಕಂತುಗಳಲ್ಲಿ ಗದಗಿನವರು ಕಟ್ಟಿದ್ದು 1,59,432. ಅದರಲ್ಲಿ ಬಡ್ಡಿ 44,020, ಅಸಲು 1,15,412. ಬ್ಯಾಂಕಿನಲ್ಲಿ ಬಾಕಿ 4,84,588. ಅವರ ಪುಸ್ತಕದಲ್ಲಿ ಬಾಕಿ ಇನ್ನೂ 6,00,000. ವ್ಯತ್ಯಾಸ 1,15,412, ಅಂದರೆ ತೀರಿಸಿದ ಅಸಲಿನಷ್ಟೇ. ಪೂರ್ತಿ ಕಂತು ಖರ್ಚಿಗೆ ಹೋಗಿದೆ ಎಂದು ಅದರಿಂದಲೇ ತಿಳಿಯಿತು. ಲಾಭ ಅಷ್ಟರ ಮಟ್ಟಿಗೆ ಕಡಿಮೆ ಕಾಣುತ್ತಿತ್ತು. ಹಾಗೇ ರಿಟರ್ನ್ ಸಲ್ಲಿಸಿದ್ದರೆ ಆದಾಯ ಮುಚ್ಚಿಟ್ಟಂತೆ ಆಗುತ್ತಿತ್ತು, ಅವರಿಗೆ ಅಂಥ ಉದ್ದೇಶವೇ ಇರಲಿಲ್ಲ.

ತದ್ವಿರುದ್ಧದ ತಪ್ಪೂ ಅಷ್ಟೇ ಸಾಮಾನ್ಯ. ಪೂರ್ತಿ ಕಂತನ್ನು ಸಾಲಕ್ಕೆ ಕಳೆದರೆ ಪುಸ್ತಕದಲ್ಲಿ ಬಾಕಿ 4,40,568 ಬರುತ್ತದೆ, ಬ್ಯಾಂಕಿಗಿಂತ 44,020 ಕಡಿಮೆ. ಅದು ಸರಿಯಾಗಿ ಬಡ್ಡಿಯ ಮೊತ್ತ. ಇಲ್ಲಿ ನಷ್ಟ ನಿಮ್ಮದೇ: ಸಿಗಬೇಕಾದ ಖರ್ಚನ್ನು ತೋರಿಸದೆ ಹೆಚ್ಚಿನ ಲಾಭಕ್ಕೆ ತೆರಿಗೆ ಕಟ್ಟುತ್ತೀರಿ.

ಮೂರನೆಯದು ಸ್ವಲ್ಪ ಜಾಣತನದ ತಪ್ಪು. 6,00,000ವನ್ನು 36ರಿಂದ ಭಾಗಿಸಿ ಪ್ರತಿ ತಿಂಗಳು 16,667 ಅಸಲು, ಉಳಿದ 3,262 ಬಡ್ಡಿ ಎಂದು ಬರೆಯುವುದು. ನೋಡಲು ಅಚ್ಚುಕಟ್ಟು. ಎಂಟು ಕಂತಿಗೆ ಬಾಕಿ 17,924 ರೂಪಾಯಿ ಕಡಿಮೆ ಕಾಣುತ್ತದೆ, ಮೊದಲ ವರ್ಷದ ಬಡ್ಡಿಯೂ ಅಷ್ಟೇ ಕಡಿಮೆ. ವ್ಯತ್ಯಾಸ ಮೊದಲು ದೊಡ್ಡದಾಗುತ್ತ ಹೋಗಿ, ಅರ್ಧ ಅವಧಿ ದಾಟಿದ ಮೇಲೆ ತಾನೇ ಕರಗುತ್ತ ಬಂದರೆ ಇದೇ ಕಾರಣ ಎಂದು ತಿಳಿಯಿರಿ. ವ್ಯತ್ಯಾಸ ಮೊದಲ ತಿಂಗಳಿಂದ ಒಂದೇ ಆಗಿದ್ದು ಅಲುಗಾಡದಿದ್ದರೆ ಸಂಸ್ಕರಣಾ ಶುಲ್ಕವನ್ನು ನೋಡಿ.

ಗದಗಿನವರ ಪುಸ್ತಕ ಸರಿಪಡಿಸಲು ಎಂಟು ವೋಚರುಗಳನ್ನೂ ತಿದ್ದಲಿಲ್ಲ. ಒಂದೇ ಜರ್ನಲ್ ಸಾಕಾಯಿತು: ಬ್ಯಾಂಕ್ ಸಾಲಕ್ಕೆ 1,15,412 ಡೆಬಿಟ್, ಸಾಲದ ಮೇಲಿನ ಬಡ್ಡಿಗೆ 44,020 ಡೆಬಿಟ್, "ಬ್ಯಾಂಕ್ ಕಂತು" ಎಂಬ ಖರ್ಚಿನ ಖಾತೆಗೆ 1,59,432 ಕ್ರೆಡಿಟ್. ಆ ಖರ್ಚಿನ ಖಾತೆ ಸೊನ್ನೆಯಾಯಿತು. ಮತ್ತೆ ಯಾರೂ ಅದರಲ್ಲಿ ಬರೆಯದಂತೆ ತೆಗೆದುಹಾಕುವ ಬದಲು ಹೆಸರಿನ ಹಿಂದೆ "ಬಳಸಬೇಡಿ" ಎಂದು ಸೇರಿಸಿದೆವು.

ಮಾರ್ಚ್ 31ರ ಲೆಕ್ಕ

ಎಂಟನೇ ಕಂತು ಹೋದದ್ದು ಮಾರ್ಚ್ 5ಕ್ಕೆ. ಅಂದಿನಿಂದ 31ರವರೆಗೆ 27 ದಿನ ಬ್ಯಾಂಕಿನ ಹಣ ಬಳಸಿದ್ದೇವೆ, ಅದರ ಬಡ್ಡಿ ಏಪ್ರಿಲ್ 5ರ ಕಂತಿನಲ್ಲಿ ಹೋಗುತ್ತದೆ. ಒಂಬತ್ತನೇ ಕಂತಿನ ಬಡ್ಡಿ 31 ದಿನಕ್ಕೆ 4,846. ಅದರಲ್ಲಿ 27 ದಿನದ ಪಾಲು 4,221. ಈ ವರ್ಷದ ಖರ್ಚಿಗೆ ಅದು ಸೇರಬೇಕು:

ಸಾಲದ ಮೇಲಿನ ಬಡ್ಡಿ – ಡೆಬಿಟ್ 4,221
ಪಾವತಿಸಬೇಕಾದ ಬಡ್ಡಿ – ಕ್ರೆಡಿಟ್ 4,221

ವರ್ಷದ ಬಡ್ಡಿ ಖರ್ಚು ಈಗ 48,241. ಬ್ಯಾಂಕ್ ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ 44,020 ಎಂದಿದ್ದರೆ ಗಾಬರಿ ಬೇಡ, ನಡುವಿನ ವ್ಯತ್ಯಾಸ ಈ 4,221. ತಿಂಗಳ ಕೊನೆಗೆ ಬಡ್ಡಿ ಹಾಕುವ ಬ್ಯಾಂಕಾದರೆ ಮಾರ್ಚ್ 31ರ ಬಡ್ಡಿ ಆಗಲೇ ಸಾಲದ ಖಾತೆಗೆ ಬಿದ್ದಿರುತ್ತದೆ, ಈ ನಮೂದು ಬೇಕಿಲ್ಲ. ಹಾಕಿದರೆ ಎರಡು ಸಲ ಆಗುತ್ತದೆ. ನಗದು ಪದ್ಧತಿಯಲ್ಲಿ ಲೆಕ್ಕ ಇಡುವವರಿಗೂ ಇದು ಬೇಡ.

ಆದಾಯ ತೆರಿಗೆಯಲ್ಲಿ ಇದಕ್ಕೊಂದು ಷರತ್ತು ಇದೆ. 2026ರ ಮಾರ್ಚ್ 31ಕ್ಕೆ ಮುಗಿದ ಈ ವರ್ಷಕ್ಕೆ ಅನ್ವಯಿಸುವ 1961ರ ಕಾಯ್ದೆಯ 43ಬಿ ಸೆಕ್ಷನ್ ಪ್ರಕಾರ ಬ್ಯಾಂಕ್ ಸಾಲದ ಬಡ್ಡಿಯನ್ನು ಬರೆದರೆ ಸಾಲದು, ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಕಟ್ಟಿರಲೂ ಬೇಕು. ನಮ್ಮ 4,221 ಏಪ್ರಿಲ್ 5ಕ್ಕೇ ಹೋಗುವುದರಿಂದ ತೊಂದರೆ ಇಲ್ಲ. ಕಟ್ಟದೆ ಉಳಿದ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಪರಿವರ್ತಿಸಿದರೆ ಅದು ಕಟ್ಟಿದಂತೆ ಆಗುವುದಿಲ್ಲ.

ಏಪ್ರಿಲ್ 5ರ ಕಂತಿನಲ್ಲಿ ಈ ಎಳೆಯನ್ನು ಮುಗಿಸಬೇಕು, ಇಲ್ಲವಾದರೆ "ಪಾವತಿಸಬೇಕಾದ ಬಡ್ಡಿ" ವರ್ಷವಿಡೀ ಅನಾಥವಾಗಿ ನಿಲ್ಲುತ್ತದೆ:

ಬ್ಯಾಂಕ್ ಸಾಲ – ಡೆಬಿಟ್ 15,083
ಪಾವತಿಸಬೇಕಾದ ಬಡ್ಡಿ – ಡೆಬಿಟ್ 4,221
ಸಾಲದ ಮೇಲಿನ ಬಡ್ಡಿ – ಡೆಬಿಟ್ 625
ಚಾಲ್ತಿ ಖಾತೆ – ಕ್ರೆಡಿಟ್ 19,929

ಸಾಲದ ಬಾಕಿ 4,69,505. ಗದಗಿನವರು ಅದೇ ದಿನ ಬ್ಯಾಂಕಿನ ಸ್ಟೇಟ್‌ಮೆಂಟಿನ ಚಿತ್ರ ಕಳುಹಿಸಿದರು, ಅಲ್ಲಿಯೂ 4,69,505. ಕೆಳಗೆ ಒಂದು ಪ್ರಶ್ನೆ: "ಹೀಗಾದರೆ ಲಾಭ ಒಂದು ಲಕ್ಷದ ಮೇಲೆ ಏರಿತಲ್ಲ ಸರ್, ತೆರಿಗೆ ಎಷ್ಟಾಗುತ್ತದೆ?" ಯಂತ್ರದ ಸವಕಳಿಯನ್ನು ಅವರು ಇನ್ನೂ ಬರೆದಿರಲಿಲ್ಲ. ಅಸಲಿನ ಹಣ ಖರ್ಚಾಗಿ ಕಾಣಿಸಿಕೊಳ್ಳುವುದು ಆ ದಾರಿಯಲ್ಲಿ: ಕಂತಿನ ಮೂಲಕ ಅಲ್ಲ, ಅದರಿಂದ ಕೊಂಡ ಯಂತ್ರ ಸವೆದಂತೆ. ಅದನ್ನು ಲೆಕ್ಕ ಹಾಕಲು ಯಂತ್ರದ ಬಿಲ್ಲು ಮತ್ತು ಅದು ಓಡಲು ಶುರುವಾದ ತಾರೀಖು ಬೇಕು ಎಂದು ಬರೆದು ಕಳುಹಿಸಿದೆ.